ಸೈಡ್ ಲೋಯರ್ 23: ಮಾತು ಕಮ್ಮಿ ಇರುವ ರೈಲು ಪ್ರೇಮಕಥೆಯನ್ನು ಬರೆಯೋದು ಹೇಗೆ?

ಪ್ರಶ್ನೆ: ರೈಲಿನಲ್ಲಿ ಒಟ್ಟಿಗೆ ಹೋಗುವ ಇಬ್ಬರು ಅಪರಿಚಿತರ ಬಗ್ಗೆ ಹನ್ನೆರಡು ನಿಮಿಷದ ಕಿರುಚಿತ್ರಕ್ಕೆ ಸ್ಕ್ರಿಪ್ಟ್ ಬರೀತಾ ಇದ್ದೀನಿ. ಮಾತು ಕಮ್ಮಿ ಇರಬೇಕು, ಸಣ್ಣ ಸಣ್ಣ ಸನ್ನೆಗಳಲ್ಲೇ ಪ್ರೀತಿ ಗೊತ್ತಾಗಬೇಕು ಅನ್ನೋದು ಆಸೆ. ಅವನು ಕಿಟಕಿ ಸೀಟು ಬಿಟ್ಟುಕೊಡ್ತಾನೆ, ಟೀ ಕೊಡಿಸ್ತಾನೆ, ಇಬ್ಬರೂ ಒಂದೇ ಇಯರ್‌ಫೋನ್‌ನಲ್ಲಿ ಹಾಡು ಕೇಳ್ತಾರೆ, ಕೊನೆಗೆ ಅವಳು ಇಳೀತಾಳೆ. ಓದಿದ ಗೆಳೆಯರೆಲ್ಲ "ಚೆನ್ನಾಗಿದೆ, ಆದ್ರೆ ಏನೂ ಆಗಲ್ವಲ್ಲ" ಅಂತಾರೆ. ಏನು ತಪ್ಪಾಗಿದೆ?

ಉತ್ತರ: ಟೀ ಕೊಡಿಸೋದರಿಂದ ಅವನಿಗೆ ನಷ್ಟವೇನು? ಹತ್ತೋ ಹದಿನೈದೋ ರೂಪಾಯಿ. ಹಾಡು ಕೇಳಿಸೋದರಿಂದ ಅದೂ ಇಲ್ಲ. ನಿಮ್ಮ ಗೆಳೆಯರಿಗೆ "ಏನೂ ಆಗಲ್ಲ" ಅನ್ನಿಸಿರೋದು ಇದಕ್ಕೇ. ಸನ್ನೆ ಎಷ್ಟು ಚಿಕ್ಕದಾದರೂ ಪರವಾಗಿಲ್ಲ, ಆದರೆ ಅದನ್ನು ಮಾಡುವವರು ಏನನ್ನಾದರೂ ಬಿಟ್ಟುಕೊಡಬೇಕು: ನಿದ್ದೆಯನ್ನೋ, ಜಾಗವನ್ನೋ, ಎಚ್ಚರವನ್ನೋ, ಮರ್ಯಾದೆಯನ್ನೋ. ಆಮೇಲೆ ಇನ್ನೊಬ್ಬರು ಅದನ್ನು ನೋಡಬೇಕು. ಕೊನೆಗೆ, ಸ್ವಲ್ಪ ಹೊತ್ತಾದ ಮೇಲೆ, ಬೇರೆ ರೂಪದಲ್ಲಿ ಅದಕ್ಕೆ ಉತ್ತರ ಬರಬೇಕು. ಈ ಮೂರೂ ಇದ್ದರೆ ಮಾತಿಲ್ಲದೆಯೂ ಕಥೆ ನಡೆಯುತ್ತದೆ.

ಹಾಗೆ ಬಿಟ್ಟುಕೊಡುವ ಪರಿಸ್ಥಿತಿ ತಾನಾಗೇ ಇರುವ ಜಾಗ ಹುಡುಕಿ. ನಮ್ಮ ರೈಲುಗಳಲ್ಲಿ ಅದು ಸಿದ್ಧವಾಗೇ ಇದೆ: ಆರ್‌ಎಸಿ ಟಿಕೆಟ್. ಹತ್ತೋಕೆ ಅನುಮತಿ ಇದೆ, ಕೂರೋಕೆ ಜಾಗ ಇದೆ, ಮಲಗೋಕೆ ಇಲ್ಲ. ಸ್ಲೀಪರ್ ಬೋಗಿಯ ಒಂದು ಸೈಡ್ ಲೋಯರ್ ಬರ್ತನ್ನು ಇಬ್ಬರಿಗೆ ಹಂಚಿರುತ್ತಾರೆ. ಎದುರುಬದುರು ಎರಡು ಸೀಟು, ಮಧ್ಯೆ ಇಬ್ಬರ ಮೊಣಕಾಲು. ಎರಡೂ ಕಡೆಯ ಒರಗು ಮಡಚಿ ಕೆಳಗೆ ಬಿಟ್ಟರೆ ಅದೇ ಒಬ್ಬರು ಮಲಗುವ ಬರ್ತ್ ಆಗುತ್ತದೆ. ಅಂದರೆ ಒಬ್ಬರು ಮಲಗಬೇಕಾದರೆ ಇನ್ನೊಬ್ಬರು ಅಲ್ಲಿರಬಾರದು. ಪ್ರೇಮಕಥೆಗೆ ಇದಕ್ಕಿಂತ ಒಳ್ಳೆ ಇಕ್ಕಟ್ಟು ಬೇಕಾ?

ರೈಲನ್ನೂ ನಿಖರವಾಗಿ ಆರಿಸಿಕೊಳ್ಳಿ. ಸುಮ್ನೆ "ಒಂದು ರೈಲು" ಅಂತ ಬರೆದರೆ ಕಿಟಕಿಯಾಚೆ ಏನು ಕಾಣುತ್ತದೆ, ಎಷ್ಟು ಹೊತ್ತಿಗೆ ಕತ್ತಲಾಗುತ್ತದೆ, ಯಾರು ಎಲ್ಲಿ ಹತ್ತುತ್ತಾರೆ, ಒಂದೂ ಗೊತ್ತಾಗಲ್ಲ. ಉದಾಹರಣೆಗೆ ನಾನು ಉದ್ಯಾನ್ ಎಕ್ಸ್‌ಪ್ರೆಸ್ ತಗೊಳ್ತೀನಿ. ಬೆಂಗಳೂರಿನಿಂದ ರಾತ್ರಿ ಹೊರಟು ಗುಂತಕಲ್, ರಾಯಚೂರು, ವಾಡಿ, ಕಲಬುರಗಿ, ಸೊಲ್ಲಾಪುರ, ಪುಣೆ ದಾಟಿ ಮುಂಬೈ ಸೇರುತ್ತದೆ. ನಮಗೆ ಬೇಕಾಗಿರೋದು ಸೊಲ್ಲಾಪುರದವರೆಗಿನ ಒಂದು ರಾತ್ರಿ ಮತ್ತು ಬೆಳಗ್ಗೆ. ಎಸ್ 4 ಬೋಗಿ, ಬರ್ತ್ 23. ಅವಳು ಗಿರಿಜಾ, ಸೊಲ್ಲಾಪುರಕ್ಕೆ ಹೋಗುತ್ತಿದ್ದಾಳೆ. ಅವನು ಮಂಜುನಾಥ, ಮುಂಬೈಗೆ. ಇಬ್ಬರಿಗೂ ಮೂವತ್ತೈದು ದಾಟಿದೆ. ಈ ವಯಸ್ಸು ಬೇಕಂತಲೇ ಇಟ್ಟಿದ್ದು. ಇಪ್ಪತ್ತರವರಾದರೆ ನೋಡುವವರು ಮೊದಲ ಶಾಟ್‌ನಿಂದಲೇ ಪ್ರೀತಿ ಕಾಯುತ್ತಾ ಕೂರುತ್ತಾರೆ. ಇವರ ವಿಷಯದಲ್ಲಿ ಆ ನಿರೀಕ್ಷೆ ಸ್ವಲ್ಪ ತಡವಾಗಿ ಹುಟ್ಟುತ್ತದೆ, ನಿಮಗೂ ಕೆಲಸ ಮಾಡೋಕೆ ಜಾಗ ಸಿಗುತ್ತದೆ.

ಇವರ ಹೆಸರು ಪ್ರೇಕ್ಷಕರಿಗೆ ಗೊತ್ತಾಗೋದು ಹೇಗೆ? ಪರಿಚಯ ಮಾಡಿಸಬೇಡಿ. ಟಿಟಿಇ ಬಂದು ಟ್ಯಾಬ್ ನೋಡಿ "ಗಿರಿಜಾ, ಸೊಲ್ಲಾಪುರ?" ಅಂತಾನೆ. ಅವಳು ತಲೆಯಾಡಿಸುತ್ತಾಳೆ. ಎದುರಿಗಿದ್ದವನಿಗೆ ಅವಳ ಹೆಸರೂ ಊರೂ ತಿಳಿಯಿತು, ಕೇಳದೆಯೇ. ಅವನು ತಕ್ಷಣ ಕಿಟಕಿ ಕಡೆ ಮುಖ ತಿರುಗಿಸುತ್ತಾನೆ, ಕೇಳಿಸಿಕೊಂಡಿಲ್ಲ ಅನ್ನುವ ಹಾಗೆ. ಅವನ ಮೊದಲ ಒಳ್ಳೆಯತನ ಇದೇ. ಅವನ ಸರದಿ ಬಂದಾಗ ಅವಳು ಮುಖ ತಿರುಗಿಸಲ್ಲ, ಸರಿಯಾಗಿ ಕೇಳಿಸಿಕೊಳ್ಳುತ್ತಾಳೆ. ರಾತ್ರಿಯಿಡೀ ಎದುರು ಕೂರುವ ಗಂಡಸು ಯಾರು ಅಂತ ಒಬ್ಬಳೇ ಹೋಗುವ ಹೆಂಗಸಿಗೆ ಗೊತ್ತಿರಬೇಕಲ್ಲ.

ನಿಮ್ಮಂಥ ಕಥೆಗಳಲ್ಲಿ ಜಾಸ್ತಿ ಜನ ಬಿಟ್ಟುಬಿಡುವ ವಿಷಯ ಇದು. ರಾತ್ರಿ, ಸ್ಲೀಪರ್ ಬೋಗಿ, ಗುರುತಿಲ್ಲದ ಗಂಡಸು: ಅವಳಿಗೆ ಮೊದಲು ಬರೋದು ಪ್ರೀತಿಯಲ್ಲ, ಎಚ್ಚರ. ಅದನ್ನು ತೋರಿಸದೆ ನೇರ ನಗುವಿಗೆ ಹಾರಿದರೆ, ನೋಡುವ ಹೆಣ್ಣುಮಕ್ಕಳಿಗೆ ಅಲ್ಲೇ ನಂಬಿಕೆ ಹೋಗುತ್ತದೆ. ಅವಳು ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟು ಅದರ ಪಟ್ಟಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದಾಳೆ. ಈ ಸುತ್ತು ಬಿಚ್ಚುವ ತನಕದ ದಾರಿಯೇ ನಿಮ್ಮ ಕಥೆ. ಅವನ ಸನ್ನೆಗಳೂ ಹತ್ತಿರ ಬರುವವು ಆಗಿರಬಾರದು, ಸರಿದು ಜಾಗ ಬಿಡುವವು ಆಗಿರಬೇಕು.

ಮಾತು ಯಾಕಿಲ್ಲ ಅನ್ನೋದಕ್ಕೂ ಒಂದು ಕಾರಣ ಬೇಕು. ನಿರ್ದೇಶಕರಿಗೆ ಮೌನ ಇಷ್ಟ ಅನ್ನೋದು ಕಾರಣವಲ್ಲ. ರಾತ್ರಿ ಹತ್ತಕ್ಕೆ ಮಿಡಲ್ ಬರ್ತ್ ಎತ್ತಿ ಹಾಕುತ್ತಾರೆ, ದೀಪ ಆರುತ್ತದೆ, ನೀಲಿ ಲೈಟ್ ಮಾತ್ರ ಉಳಿಯುತ್ತದೆ. ಸುತ್ತ ಎಲ್ಲರೂ ಮಲಗಿದ್ದಾರೆ, ಇವರಿಬ್ಬರಿಗೆ ಮಾತ್ರ ಮಲಗೋಕೆ ಜಾಗವಿಲ್ಲ. ಮಾತಾಡಿದರೆ ಮೇಲಿನವರು "ಶ್" ಅಂತಾರೆ. ಒಮ್ಮೆ ಹಾಗೆ ಅನ್ನಿಸಿಯೇ ಬಿಡಿ. ಅಲ್ಲಿಂದ ಮುಂದೆ ಮೌನ ಯಾರಿಗೂ ವಿಚಿತ್ರ ಅನ್ನಿಸಲ್ಲ.

ಈಗ ಸನ್ನೆಗಳಿಗೆ ಬರೋಣ. ಹನ್ನೆರಡು ನಿಮಿಷಕ್ಕೆ ಮೂರು ಸಾಕು, ಆದರೆ ಒಂದೊಂದೂ ತಿರುಗಿ ಬರಬೇಕು, ಬಂದಾಗ ಬದಲಾಗಿರಬೇಕು. ನಾನು ಆರಿಸಿದ್ದು ಕಾಲು, ಸರಪಳಿ ಮತ್ತು ಸೀಟಿನ ಒರಗು.

ಆರ್‌ಎಸಿಯಲ್ಲಿ ಕೂತವರಿಗೆಲ್ಲ ಗೊತ್ತು, ರಾತ್ರಿಯ ದೊಡ್ಡ ಪ್ರಶ್ನೆ ಕಾಲು ಎಲ್ಲಿಡೋದು ಅಂತ. ಕೆಳಗಿಟ್ಟರೆ ಜೋಮು ಹಿಡಿಯುತ್ತದೆ, ಮೇಲಿಟ್ಟರೆ ಎದುರಿನವರಿಗೆ ತಾಗುತ್ತದೆ. ಕಾಲು ತಾಗಿದರೆ ನಾವು ಏನು ಮಾಡ್ತೀವಿ? ತಾಗಿದವರನ್ನು ಬೆರಳಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ತೀವಿ. ಯೋಚನೆ ಮಾಡದೆ ಕೈ ತಾನಾಗೇ ಹೋಗುತ್ತದೆ. ಪರಪುರುಷ ಪರಸ್ತ್ರೀಯನ್ನು ಮುಟ್ಟಬಾರದು ಅನ್ನೋ ಕಡೆಯಲ್ಲೂ ಈ ಒಂದು ಸ್ಪರ್ಶಕ್ಕೆ ಯಾರೂ ತಪ್ಪು ತಿಳಿಯಲ್ಲ. ಅದು ಕ್ಷಮೆ. ಇದನ್ನು ಮೂರು ಸಲ ಬಳಸಿ.

ಮೊದಲ ಸಲ ಹೀಗೆ:

ದೃಶ್ಯ 3. ಒಳಗೆ. ಸ್ಲೀಪರ್ ಬೋಗಿ. ರಾತ್ರಿ.

ನೀಲಿ ಬೆಳಕು. ಮಂಜುನಾಥ ತೂಕಡಿಸುತ್ತಿದ್ದಾನೆ. ರೈಲು ಜಗ್ಗುತ್ತದೆ. ಅವನ ಕಾಲ ಹೆಬ್ಬೆರಳು ಗಿರಿಜಾಳ ಪಾದಕ್ಕೆ ತಾಗುತ್ತದೆ.

ಅವನಿಗೆ ಎಚ್ಚರ. ಬಗ್ಗುತ್ತಾನೆ. ಕೈ ಅವಳ ಪಾದದ ಹತ್ತಿರ ಹೋಗಿ ನಿಲ್ಲುತ್ತದೆ. ಮುಟ್ಟುವುದಿಲ್ಲ. ಅವಳ ಸೀಟಿನ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ.

ಎರಡೂ ಕಾಲು ಕೆಳಗಿಳಿಸಿ, ಮೊಣಕಾಲನ್ನು ನಡುದಾರಿ ಕಡೆ ತಿರುಗಿಸಿ ಕೂರುತ್ತಾನೆ.

ಗಿರಿಜಾ ಅವನ ಮೊಣಕಾಲು ನೋಡುತ್ತಾಳೆ.

ಮುಟ್ಟಬಹುದಿತ್ತು, ಮುಟ್ಟಲಿಲ್ಲ, ಸೀಟು ಮುಟ್ಟಿದ. ಜೊತೆಗೆ ರಾತ್ರಿಯಿಡೀ ಸೊಂಟ ತಿರುಚಿ ಕೂರುವ ಕಷ್ಟ ಮೈಮೇಲೆ ಎಳೆದುಕೊಂಡ. ಹೋಗಿ ಬರುವವರೆಲ್ಲ ಅವನ ಮೊಣಕಾಲಿಗೆ ಡಿಕ್ಕಿ ಹೊಡೆಯುತ್ತಾರೆ. ಅವಳು ಅದನ್ನು ನೋಡಿದಳು ಅನ್ನೋದು ಕೊನೆಯ ಸಾಲು. ಆ ಸಾಲು ಇಲ್ಲದಿದ್ದರೆ ಮೇಲಿನ ಎಲ್ಲವೂ ವ್ಯರ್ಥ.

ಎರಡನೇ ಸಲ ಅವಳ ಕಾಲು ಅವನಿಗೆ ತಾಗುತ್ತದೆ. ಅವಳ ಕೈ ಮುಂದೆ ಬರುತ್ತದೆ. ಅವನು ತಲೆ ಅಲ್ಲಾಡಿಸುತ್ತಾನೆ, "ಬೇಡ" ಅನ್ನುವಷ್ಟು ಮಾತ್ರ. ಅವಳ ಕೈ ವಾಪಸ್ ಹೋಗುತ್ತದೆ. ಮೂರನೇ ಸಲ, ಬೆಳಗ್ಗೆ, ಇಬ್ಬರ ಪಾದವೂ ಒಂದಕ್ಕೊಂದು ತಾಗಿಕೊಂಡೇ ಇವೆ. ಯಾರ ಕೈಯೂ ಏಳುವುದಿಲ್ಲ. ಇಷ್ಟೇ. ಕನ್ನಡದ ಪ್ರೇಕ್ಷಕರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕ್ಷಮೆ ಕೇಳೋದು ನಿಂತಿತು ಅಂದರೆ ಇಬ್ಬರೂ ಹೊರಗಿನವರಾಗಿ ಉಳಿದಿಲ್ಲ ಅಂತ.

ಈಗ ಸರಪಳಿ. ರಾತ್ರಿ ಪ್ರಯಾಣದಲ್ಲಿ ಸೀಟಿನ ಕೆಳಗೆ ಬ್ಯಾಗಿಗೆ ಸರಪಳಿ ಹಾಕಿ ಬೀಗ ಜಡಿಯೋದು ಮಾಮೂಲು. ಅವನ ಹತ್ತಿರ ಸರಪಳಿ ಇದೆ, ಅವಳ ಹತ್ತಿರ ಇಲ್ಲ. ಅವನು ತನ್ನ ಬ್ಯಾಗಿಗೆ ಬೀಗ ಹಾಕಿ ಕೂರುತ್ತಾನೆ. ಅವಳು ತನ್ನ ಸೂಟ್‌ಕೇಸ್ ಮೇಲೆ ಹಿಮ್ಮಡಿ ಊರಿ ಕೂತಿರೋದು ಕಾಣುತ್ತದೆ. ಅವನು ಮತ್ತೆ ಬಗ್ಗಿ ಬೀಗ ತೆಗೆದು ಸರಪಳಿಯ ತುದಿಯನ್ನು ಅವಳ ಕಡೆ ಚಾಚುತ್ತಾನೆ. ಅವನೇ ಅವಳ ಸೂಟ್‌ಕೇಸ್ ಮುಟ್ಟೋದಿಲ್ಲ, ಗಮನಿಸಿ. ಅವಳು ಒಂದು ಕ್ಷಣ ಲೆಕ್ಕ ಹಾಕಿ, ತುದಿ ತಗೊಂಡು ತನ್ನ ಹಿಡಿಯೊಳಗೆ ತೂರಿಸುತ್ತಾಳೆ. ಒಂದೇ ಬೀಗ, ಎರಡು ಬ್ಯಾಗ್. ಕೀಲಿ ಅವನ ಹತ್ತಿರ.

ಕಥೆಯ ತಿರುವು ಟಿಟಿಇ ಎರಡನೇ ಸಲ ಬಂದಾಗ. ಗುಂತಕಲ್‌ನಲ್ಲಿ ಹತ್ತಬೇಕಿದ್ದ ಒಬ್ಬರು ಹತ್ತಿಲ್ಲ, ಎಸ್ 6ರಲ್ಲಿ ಒಂದು ಬರ್ತ್ ಖಾಲಿ. ಆರ್‌ಎಸಿ ಕ್ರಮದಲ್ಲಿ ಮಂಜುನಾಥನ ಸಂಖ್ಯೆ ಮೊದಲು, ಹಾಗಾಗಿ ಬರ್ತ್ ಅವನಿಗೆ. ಇಲ್ಲಿ ನಿಯಮವೇ ನಾಟಕ ಬರೆದುಕೊಟ್ಟಿದೆ. ಅವನು ಹೋದರೆ ಅವನಿಗೆ ಮಲಗೋಕೆ ಬರ್ತ್ ಸಿಗುತ್ತದೆ, ಮಾತ್ರವಲ್ಲ, 23 ಪೂರ್ತಿ ಅವಳದಾಗುತ್ತದೆ, ಅವಳೂ ಕಾಲು ಚಾಚಿ ಮಲಗಬಹುದು. ಅವನು ಉಳಿದರೆ ಇಬ್ಬರಿಗೂ ನಿದ್ದೆಯಿಲ್ಲ. ಇಷ್ಟ ಇದ್ದರೆ ಉಳಿಯಬೇಕಾ, ಹೋಗಬೇಕಾ? ಎರಡಕ್ಕೂ ಪ್ರೀತಿ ಅನ್ನಬಹುದು.

ಸುಲಭದ ದಾರಿ ಅವನನ್ನು ಉಳಿಸೋದು. ಬರ್ತ್ ಬೇಡ ಅಂದ, ಅವಳು ನಕ್ಕಳು, ಸಂಗೀತ. ಬೇಡ. ಅವಳಿಗೆ ನಿದ್ದೆ ಸಿಗುವ ಅವಕಾಶವನ್ನು ತನ್ನ ಆಸೆಗಾಗಿ ಕಿತ್ತುಕೊಂಡ ಹಾಗಾಗುತ್ತದೆ. ಅವನು ಹೋಗಲಿ. ಹೀಗೆ:

ದೃಶ್ಯ 6. ಒಳಗೆ. ಸ್ಲೀಪರ್ ಬೋಗಿ. ಮಧ್ಯರಾತ್ರಿ ಕಳೆದಿದೆ.

ಗಿರಿಜಾ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಾಳೆ. ಟಿಟಿಇಯ ಟಾರ್ಚ್ ಬೆಳಕು ಮಂಜುನಾಥನ ಮುಖದ ಮೇಲೆ.

ಟಿಟಿಇ
(ತಗ್ಗಿದ ದನಿ)
ಎಸ್ ಆರು, ಮೂವತ್ತೆರಡು. ಹೋಗಿ ಮಲ್ಕೊಳ್ಳಿ.

ಮಂಜುನಾಥ ಗಿರಿಜಾಳನ್ನು ನೋಡುತ್ತಾನೆ. ಅವಳ ಕತ್ತು ವಾಲಿದೆ. ಕಿಟಕಿಯ ಸರಳಿಗೆ ಹಣೆ ತಾಗಿ ತಾಗಿ ಏಳುತ್ತಿದೆ.

ಅವನು ಬಗ್ಗಿ ಬೀಗ ತೆಗೆಯುತ್ತಾನೆ. ತನ್ನ ಬ್ಯಾಗನ್ನು ಅರ್ಧ ಎಳೆಯುತ್ತಾನೆ. ಸರಪಳಿ ಸದ್ದು ಮಾಡುತ್ತದೆ. ಅವನು ನಿಲ್ಲುತ್ತಾನೆ.

ಬ್ಯಾಗನ್ನು ಮತ್ತೆ ಒಳಗೆ ತಳ್ಳುತ್ತಾನೆ. ಎರಡಕ್ಕೂ ಸೇರಿಸಿ ಬೀಗ ಹಾಕುತ್ತಾನೆ. ಕೀಲಿಯನ್ನು ಅವಳ ಕೈಗೆ ಸಿಗುವ ಹಾಗೆ ಕಿಟಕಿ ಪಟ್ಟಿಯ ಮೇಲೆ ಇಡುತ್ತಾನೆ.

ಹೋಗುತ್ತಾನೆ. ಬರಿಗೈಯಲ್ಲಿ.

ಗಿರಿಜಾ ಕಣ್ಣು ತೆರೆಯುತ್ತಾಳೆ. ನಿದ್ದೆಗಣ್ಣಲ್ಲ.

ಕೀಲಿ ಎಲ್ಲಿರಬೇಕು ಅನ್ನೋದು ಈ ದೃಶ್ಯದಲ್ಲಿ ಎಲ್ಲಕ್ಕಿಂತ ಮುಖ್ಯ. ಹಲವರು ಅದನ್ನು ಅವನ ಜೇಬಲ್ಲಿ ಇಡ್ತಾರೆ, "ಅವನು ವಾಪಸ್ ಬರಲೇಬೇಕಲ್ಲ" ಅನ್ನೋ ಲೆಕ್ಕದಲ್ಲಿ. ಆದರೆ ಆಗ ಅವಳ ಸೂಟ್‌ಕೇಸ್ ಅವನ ಬೀಗದಲ್ಲಿ ಸಿಕ್ಕಿಬಿದ್ದ ಹಾಗೆ. ಅರ್ಧರಾತ್ರಿ ಅವಳು ಇಳಿಯಬೇಕು ಅಂದರೂ ಇಳಿಯೋಕಾಗಲ್ಲ. ಪ್ರೇಕ್ಷಕರಿಗೆ ಅವನ ಮೇಲೆ ಸಣ್ಣ ಅನುಮಾನ ಶುರುವಾಗುತ್ತದೆ. ಕೀಲಿ ಅವಳ ಹತ್ತಿರ ಇದ್ದರೆ ಎಲ್ಲ ತಲೆಕೆಳಗಾಗುತ್ತದೆ. ಈಗ ಸಿಕ್ಕಿಬಿದ್ದಿರೋದು ಅವನ ಸಾಮಾನು. ಅವಳು ಬೇಕಾದರೆ ಅವನ ಬ್ಯಾಗನ್ನೂ ಹೊತ್ತುಕೊಂಡು ಹೋಗಬಹುದು. ಎಚ್ಚರದಲ್ಲಿ ಕೂತವಳಿಗೆ ಅವನು ಕೊಡಬಹುದಾದ ದೊಡ್ಡ ವಸ್ತು ಇದೇ. ಅವಳು ನಿದ್ದೆ ಮಾಡುತ್ತಿರಲಿಲ್ಲ, ನೋಡುತ್ತಿದ್ದಳು ಅನ್ನೋದು ಕೊನೆಯ ಸಾಲಿನಲ್ಲಿ ಗೊತ್ತಾದಾಗ, ಹಿಂದಿನ ಅಷ್ಟೂ ಕೆಲಸಕ್ಕೆ ಸಾಕ್ಷಿ ಸಿಕ್ಕಿತು.

ಈಗ ಉತ್ತರ ಅವಳದು. ಬರ್ತ್ ಪೂರ್ತಿ ಅವಳದೇ. ಒರಗು ಮಡಚಿ ಕೆಳಗೆ ಬಿಟ್ಟರೆ ಮಲಗಬಹುದು. ಅವಳು ಎದ್ದು ತನ್ನ ಕಡೆಯ ಒರಗನ್ನು ಹಿಡಿಯುತ್ತಾಳೆ. ಎದುರಿನ ಖಾಲಿ ಸೀಟು ನೋಡುತ್ತಾಳೆ. ಕೈ ಬಿಡುತ್ತಾಳೆ. ಮತ್ತೆ ಅಲ್ಲೇ ಕೂರುತ್ತಾಳೆ. ಅವನ ಸೀಟು ಸೀಟಾಗಿಯೇ ಉಳಿಯಲಿ ಅಂತ ಅವಳು ಆ ರಾತ್ರಿಯ ನಿದ್ದೆ ಬಿಟ್ಟಳು. ಅವನು ಅವಳ ನಿದ್ದೆಗೆಂದೇ ಎದ್ದು ಹೋಗಿದ್ದ, ಅವಳು ಆ ನಿದ್ದೆಯನ್ನೇ ಮಾಡಲಿಲ್ಲ. ನಿಮ್ಮ ಇಯರ್‌ಫೋನ್ ದೃಶ್ಯ ಮಾಡಲು ಹೊರಟಿದ್ದು ಇದೇ ಕೆಲಸ ಅಲ್ವಾ?

ಇಲ್ಲಿ ಒಂದು ವಾಸ್ತವದ ತೊಡಕಿದೆ, ಅದನ್ನು ತಪ್ಪಿಸಿಕೊಳ್ಳಬೇಡಿ, ಬಳಸಿಕೊಳ್ಳಿ. ಸ್ಲೀಪರ್ ಬೋಗಿಯಲ್ಲಿ ರಾತ್ರಿ ಒಂದು ಸೀಟು ಖಾಲಿ ಕಂಡರೆ ಅದು ಹತ್ತು ನಿಮಿಷವೂ ಖಾಲಿ ಇರಲ್ಲ. ಬಾಗಿಲ ಹತ್ತಿರ ನಿಂತವರು ಯಾರಾದರೂ ಬಂದು ಕೂತೇ ಕೂರುತ್ತಾರೆ. ಬರಲಿ. ಹೆಗಲಿಗೆ ಚೀಲ ಹಾಕಿದ ಒಬ್ಬ ವಯಸ್ಸಾದವರು ಬಂದು, "ಇಲ್ಲಿ ಯಾರಾದ್ರೂ ಇದಾರೇನಮ್ಮಾ?" ಅಂತ ಕೇಳುತ್ತಾರೆ. ನಿಯಮದ ಪ್ರಕಾರ ಯಾರೂ ಇಲ್ಲ. ಅವಳು ಅವರನ್ನು ನೋಡುತ್ತಾಳೆ, ಆಮೇಲೆ ಅವನ ಸೀಟಿನ ಮೇಲೆ ತನ್ನ ವ್ಯಾನಿಟಿ ಬ್ಯಾಗ್ ಇಟ್ಟು ಹೇಳುತ್ತಾಳೆ: "ಬರ್ತಾರೆ."

ಚಿತ್ರದಲ್ಲಿ ಅವಳು ಆಡುವ ಮಾತು ಇದೊಂದೇ ಆಗಿರಲಿ. ಅದು ಸುಳ್ಳು, ಕಾಯುವಿಕೆ, ಹಕ್ಕು ಎಲ್ಲವೂ ಹೌದು. ಇನ್ನೊಂದು ಕಡೆ ನೋಡಿ: ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದ ಪಟ್ಟಿ ಈಗ ಬಿಚ್ಚಿ, ಬ್ಯಾಗ್ ಎದುರಿನ ಸೀಟಿನಲ್ಲಿದೆ. ಇದಕ್ಕೆ ಕ್ಲೋಸಪ್ ಬೇಡ. ಮೊದಲ ದೃಶ್ಯದಲ್ಲಿ ಆ ಸುತ್ತನ್ನು ಸ್ಪಷ್ಟವಾಗಿ ತೋರಿಸಿದ್ದರೆ ಸಾಕು. ವಯಸ್ಸಾದವರು ನಿಂತೇ ಇರಬೇಕಾಯಿತು ಅನ್ನೋ ಚೂರು ಅಪರಾಧವೂ ಉಳಿಯಲಿ. ಅವಳು ಸ್ವಲ್ಪ ಕೆಟ್ಟವಳಾದಳು. ಪ್ರೀತಿಗಾಗಿ ಯಾರೂ ಕೆಟ್ಟವರಾಗದ ಕಥೆಗಳು ನನಗಂತೂ ಸಪ್ಪೆ ಅನ್ನಿಸುತ್ತವೆ.

ಬೆಳಗ್ಗೆ ವಾಡಿ ದಾಟಿ ಕಲಬುರಗಿ ಕಡೆ ಹೋಗುವಾಗ, ಶಹಾಬಾದ್ ಕಲ್ಲಿನ ರಾಶಿಗಳು ಕಿಟಕಿಯಲ್ಲಿ ಹಾದು ಹೋಗುತ್ತಿವೆ. ಮಂಜುನಾಥ ಎಸ್ 6ರಿಂದ ಬರುತ್ತಾನೆ. ಮೊದಲು ಅವನಿಗೆ ಕಾಣೋದು ಅವಳ ಮುಖ ಅಲ್ಲ, ನೇರ ನಿಂತಿರುವ ಎರಡು ಒರಗು. ಬರ್ತ್ ಮಾಡಿಲ್ಲ. ಅವನು ಅದನ್ನು ಓದಿಕೊಳ್ಳಲು ಸಮಯ ಕೊಡಿ, ಪೂರ್ತಿ ನಾಲ್ಕು ಸೆಕೆಂಡ್. ಅವಳು ತನ್ನ ಬ್ಯಾಗ್ ಎತ್ತಿಕೊಳ್ಳುತ್ತಾಳೆ. ಅವನು ಕೂರುತ್ತಾನೆ. ಪಾದ ತಾಗುತ್ತದೆ. ಯಾರೂ ಸರಿಸುವುದಿಲ್ಲ.

ಸೊಲ್ಲಾಪುರದಲ್ಲಿ ಏನೇನು ಬೇಡ ಅನ್ನೋದನ್ನು ಮೊದಲು ಹೇಳಿಬಿಡ್ತೀನಿ: ಟಿಕೆಟ್ ಹಿಂದೆ ಫೋನ್ ನಂಬರ್ ಬೇಡ, ಪ್ಲಾಟ್‌ಫಾರಂ ಮೇಲೆ ಓಡೋದು ಬೇಡ, ಕೀಲಿ ಅವಳ ಹತ್ತಿರವೇ ಉಳಿಯೋದೂ ಬೇಡ. ಕೀಲಿ ಉಳಿದರೆ ಮುದ್ದಾಗಿರುತ್ತದೆ, ಆದರೆ ಅವನು ಮುಂಬೈನಲ್ಲಿ ಬೀಗ ಒಡೆಸಬೇಕು ಅನ್ನೋ ಯೋಚನೆ ಪ್ರೇಕ್ಷಕರ ತಲೆ ಹೊಕ್ಕರೆ ಮುಗೀತು. ಅವಳು ಬಗ್ಗಿ ಬೀಗ ತೆಗೆದು ತನ್ನ ಸೂಟ್‌ಕೇಸ್ ಎಳೆದುಕೊಳ್ಳುತ್ತಾಳೆ. ಸರಪಳಿಯನ್ನು ಅವನ ಬ್ಯಾಗಿಗೆ ಮಾತ್ರ ಸುತ್ತಿ ಮತ್ತೆ ಬೀಗ ಹಾಕುತ್ತಾಳೆ. ಒಮ್ಮೆ ಜಗ್ಗಿ ನೋಡುತ್ತಾಳೆ, ಸರಿಯಾಗಿ ಬಿದ್ದಿದೆಯಾ ಅಂತ. ಆ ಜಗ್ಗುವಿಕೆಯಲ್ಲಿ ಮನೆಯವರ ಸಾಮಾನಿಗೆ ತೋರಿಸುವ ಕಾಳಜಿ ಇದೆ. ಕೀಲಿ ಅವನ ಕೈಗೆ ಕೊಡುತ್ತಾಳೆ. ಇಳಿಯುತ್ತಾಳೆ.

ಕೊನೆಯ ದೃಶ್ಯಕ್ಕೆ ಮತ್ತೆ ರೈಲಿನ ನಿಯಮವೇ ನೆರವಾಗುತ್ತದೆ. ಸೊಲ್ಲಾಪುರದಲ್ಲಿ ಹತ್ತಿದ ಒಬ್ಬ ಹುಡುಗ ಬಂದು "ಇದು ನಂದು" ಅಂತಾನೆ. ನಿಜ, ಮಂಜುನಾಥನ ಜಾಗ ಎಸ್ 6ರಲ್ಲಿ. ಇಲ್ಲಿ ಕೂರೋಕೆ ಅವನಿಗೆ ಯಾವ ಹಕ್ಕೂ ಇಲ್ಲ. ಏಳುವಾಗ ಅವನ ಕಾಲು ಹುಡುಗನಿಗೆ ತಾಗುತ್ತದೆ. ತಕ್ಷಣ ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಚಿತ್ರ ಮುಗಿಯಿತು. ಅಪರಿಚಿತರ ಜೊತೆ ಹೇಗಿರಬೇಕೋ ಹಾಗೆ ಅವನು ವಾಪಸ್ ಬಂದ.

ಬರವಣಿಗೆಯ ಬಗ್ಗೆ ಎರಡು ಮಾತು. ನೀವು ಕಳಿಸಿದ ಸಾರಾಂಶ ನೋಡಿದರೆ ಸ್ಕ್ರಿಪ್ಟ್‌ನಲ್ಲಿ "ಅವಳ ಕಣ್ಣಲ್ಲಿ ಹೇಳಲಾಗದ ಒಂಟಿತನ" ಥರದ ಸಾಲುಗಳು ಇರಬಹುದು ಅಂತ ನನ್ನ ಊಹೆ. ಅದನ್ನು ಕ್ಯಾಮೆರಾ ಹಿಡಿಯಲ್ಲ, ನಟಿಗೂ ಏನು ಮಾಡಬೇಕು ಅಂತ ತಿಳಿಯಲ್ಲ. ಪ್ರತಿ ಸಾಲಿನಲ್ಲೂ ಯಾರು, ಯಾವ ವಸ್ತು, ಏನು ಮಾಡಿದರು ಇರಲಿ. ಪ್ರತಿ ಸನ್ನೆಗೂ ಹೊಸ ಸಾಲು. ಒಂದು ಪುಟಕ್ಕೆ ಒಂದು ನಿಮಿಷ ಅನ್ನೋ ಲೆಕ್ಕ ಮಾತು ಜಾಸ್ತಿ ಇರುವ ಸ್ಕ್ರಿಪ್ಟ್‌ಗೆ ಪರವಾಗಿಲ್ಲ, ಇಂಥದ್ದಕ್ಕೆ ಕೆಲಸ ಮಾಡಲ್ಲ. ಮೇಲಿನ ದೃಶ್ಯ 6 ಕಾಗದದ ಮೇಲೆ ಅರ್ಧ ಪುಟ ಇದ್ದರೂ ಪರದೆ ಮೇಲೆ ಒಂದೂವರೆ ನಿಮಿಷ ತಗೊಳ್ಳುತ್ತದೆ. ಹಾಗಾಗಿ ಹನ್ನೆರಡು ನಿಮಿಷಕ್ಕೆ ಏಳೆಂಟು ಪುಟ ಸಾಕು. ಅನುಮಾನ ಇದ್ದರೆ ಎರಡು ಕುರ್ಚಿ ಎದುರುಬದುರು ಹಾಕಿ, ಮೊಣಕಾಲುಗಳ ಮಧ್ಯೆ ಒಂದು ಗೇಣು ಬಿಟ್ಟು, ಗೆಳೆಯರ ಜೊತೆ ಮಾಡಿ ನೋಡಿ, ಫೋನಿನಲ್ಲಿ ಸಮಯ ಅಳೆಯಿರಿ. ಸೀಟು ಬಿಟ್ಟು ಎದ್ದರೆ ಎಲ್ಲಿ ತಲೆ ತಾಗುತ್ತದೆ, ಬಗ್ಗಿದರೆ ಯಾರ ಮುಖ ಯಾರ ಹತ್ತಿರ ಬರುತ್ತದೆ, ಎಲ್ಲ ಅಲ್ಲೇ ಗೊತ್ತಾಗುತ್ತದೆ.

ಯಾವ ಸನ್ನೆ ದಂಡ ಅಂತ ಪತ್ತೆ ಮಾಡೋದು ಸುಲಭ. ಅದನ್ನು ತೆಗೆದು ಮುಂದಿನ ದೃಶ್ಯ ಓದಿ. ಏನೂ ಬದಲಾಗದಿದ್ದರೆ ಅದು ಬೇಕಿರಲಿಲ್ಲ. ಸರಪಳಿ ತೆಗೆದರೆ ಕೀಲಿ ಇಲ್ಲ, ಕೀಲಿ ಇಲ್ಲದಿದ್ದರೆ "ಬರ್ತಾರೆ" ಅನ್ನೋಕೆ ಅವಳಿಗೆ ಆಧಾರವಿಲ್ಲ. ಟೀ ತೆಗೆದರೆ ಏನಾಗುತ್ತದೆ? ಏನೂ ಇಲ್ಲ. ಟೀ ಮಾರುವವನ ದನಿ ಹಿನ್ನೆಲೆಯಲ್ಲಿರಲಿ, ಸಾಕು.

ಶಬ್ದದ ಬಗ್ಗೆ ಒಂದು ವಿಷಯ, ಯಾಕಂದ್ರೆ ಕಿರುಚಿತ್ರಗಳಲ್ಲಿ ಇದು ಪದೇ ಪದೇ ಕೆಡುತ್ತದೆ. "ಟಕ್ ಟಕ್, ಟಕ್ ಟಕ್" ಅಂತ ಉದ್ದಕ್ಕೂ ತುಂಬಬೇಡಿ. ಈಗ ಮುಖ್ಯ ಮಾರ್ಗಗಳಲ್ಲಿ ಹಳಿಗಳನ್ನು ಉದ್ದುದ್ದಕ್ಕೆ ಬೆಸೆದಿರುತ್ತಾರೆ, ಹಾಗಾಗಿ ಓಡುವಾಗ ಕೇಳೋದು ಹೆಚ್ಚಾಗಿ ಒಂದೇ ಸಮನೆ ಮೊರೆತ. ಟಕಟಕ ಜೋರಾಗೋದು ನಿಲ್ದಾಣ ಹತ್ತಿರ ಬಂದು ಹಳಿ ಕವಲೊಡೆಯುವ ಕಡೆ. ಇದು ನಿಮಗೆ ಲಾಭ. ಸೊಲ್ಲಾಪುರ ಬಂತು ಅಂತ ಯಾರೂ ಹೇಳಬೇಕಿಲ್ಲ. ಮೊರೆತ ಒಡೆದು ಟಕಟಕ ಶುರುವಾದರೆ ಗಿರಿಜಾ ತಲೆ ಎತ್ತುತ್ತಾಳೆ, ಅಷ್ಟೇ.

ಚಿತ್ರೀಕರಣಕ್ಕೆ ನಿಜವಾದ ರೈಲು ಬೇಕೇ ಬೇಕಾ? ರೈಲಿನೊಳಗೆ ಕ್ಯಾಮೆರಾ ಇಟ್ಟು ಕಥಾಚಿತ್ರ ತೆಗೆಯೋಕೆ ರೈಲ್ವೆಯ ಲಿಖಿತ ಅನುಮತಿ ಬೇಕು. ನಮ್ಮ ಕಡೆ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ, ಅಲ್ಲಿನ ಸಾರ್ವಜನಿಕ ಸಂಪರ್ಕ ವಿಭಾಗವನ್ನು ಕೇಳಿ. ಮೊಬೈಲಲ್ಲಿ ಕದ್ದು ತೆಗೆಯೋಣ ಅನ್ನೋ ಯೋಚನೆ ಬಿಡಿ. ಸುತ್ತ ಮಲಗಿರುವವರ ಮುಖ ಅವರಿಗೆ ಗೊತ್ತಿಲ್ಲದೆ ನಿಮ್ಮ ಚಿತ್ರದಲ್ಲಿ ಬರಬಾರದು. ಸೈಡ್ ಲೋಯರ್ ಆರಿಸಿಕೊಂಡಿರೋದರ ಇನ್ನೊಂದು ಉಪಯೋಗ ಇಲ್ಲಿದೆ: ಅದನ್ನು ಒಂದು ಕೋಣೆಯಲ್ಲೇ ಕಟ್ಟಬಹುದು. ಎರಡು ಸೀಟು, ಸರಳಿನ ಒಂದು ಕಿಟಕಿ, ಮೇಲೆ ಬರ್ತಿನ ತಳಭಾಗ. ಕಥೆಯ ಬಹುಪಾಲು ರಾತ್ರಿ ನಡೆಯೋದರಿಂದ ಕಿಟಕಿಯಾಚೆ ಕಪ್ಪು ಬಟ್ಟೆ ಸಾಕು. ಒಬ್ಬರು ಹೊರಗೆ ದೀಪ ಹಿಡಿದು ಆಗಾಗ ಹಾಯಿಸಲಿ, ಇನ್ನೊಬ್ಬರು ಸೀಟಿನ ಹಲಗೆಗೆ ಬಡಿಗೆ ಕೊಟ್ಟು ಮೆಲ್ಲಗೆ ಅಲುಗಿಸಲಿ. ದೀಪ ಒಂದೇ ಅಂತರದಲ್ಲಿ ಬಂದರೆ ಕಳ್ಳತನ ಗೊತ್ತಾಗುತ್ತದೆ. ಎರಡು ಸಲ ಬೇಗ, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಹೀಗೆ ಹಾಯಿಸಿ. ಬೆಳಗಿನ ಒಂದು ದೃಶ್ಯಕ್ಕೆ ಕಿಟಕಿಗೆ ಬೆನ್ನು ಹಾಕಿ ಕ್ಯಾಮೆರಾ ಇಟ್ಟರೆ ಹೊರಗಿನದು ಕಾಣೋದೇ ಇಲ್ಲ. ಶಹಾಬಾದ್ ಕಲ್ಲಿನ ರಾಶಿಯ ಒಂದೇ ಶಾಟನ್ನು ಆ ಕಡೆ ಹೋದಾಗ ಹೊರಗೆ ನಿಂತು ತೆಗೆದುಕೊಂಡು ಮಧ್ಯೆ ಸೇರಿಸಿ. ನಿಮ್ಮ ಬಜೆಟ್ಟಿನ ಹೆಚ್ಚಿನ ದುಡ್ಡು ಸೀಟಿನ ಒರಗು ನಿಜವಾಗಿ ಮಡಚುವ ಹಾಗೆ ಮಾಡಿಸೋಕೆ ಹೋಗಲಿ. ಗುಜರಿಯಲ್ಲಿ ಹಳೆ ಬಸ್ ಸೀಟು ಸಿಕ್ಕರೂ ಬಡಗಿ ಹತ್ತಿರ ಕೀಲು ಹಾಕಿಸಿದರೆ ನಡೆಯುತ್ತದೆ.